ಕೈ ಇಳಸು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಭಾಳ ಸಣ್ಣದು. ನಾಲ್ಕು ಮಂದಿ ನಿಂತ್ರ ಒಬ್ಬರ ಉಸಿರು ಒಬ್ಬರ ಕಿವಿಗೆ ಹತ್ತತೈತಿ. ಅದರೊಳಗ ನಮ್ಮ ಎದುರು ಮನಿ ತಾಯಿ-ಮಗಳು ಸಿಕ್ಕಾಗೆಲ್ಲ ಒಂದು ಸಂಗತಿ ನನ್ನ ಕಣ್ಣಿಗೆ ಬೀಳ್ತಿತ್ತು. ಮಗಳು ಏನರೆ ಹೇಳಾಕ ಕೈ ಎತ್ತಿದ್ಲಂದ್ರ ಸಾಕು, ತಾಯಿ ಆ ಕೈ ಹಿಡಿದು ಕೆಳಗ ಇಳಸ್ತಿದ್ಲು. ಬೈಯೋದಿಲ್ಲ, ಗದರೋದಿಲ್ಲ. ಹಿಡಿಯೋದು, ಇಳಸೋದು, ಆಮ್ಯಾಲ ನನ್ನ ಕಡೆ ತಿರುಗಿ ನಕ್ಕೊಂತ 'ಊಟ ಆತೇನ್ರಿ ಅಕ್ಕಾರ?' ಅನ್ನೋದು.

ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳಂಗಿಲ್ಲ. ಲಿಂಗಂಪಲ್ಲಿಯಿಂದ ದಿನಾ ಲೋಕಲ್ ಟ್ರೇನ್ ಹತ್ತಿ ಸಿಕಂದರಾಬಾದ್ ಕಡೆಯ ಕಿವುಡ ಮಕ್ಕಳ ಸಾಲಿಗೆ ಹೋಗಿ ಕಲಿತಾಕಿ, ಮುಂದ ಕಂಪ್ಯೂಟರ್ ಡಿಗ್ರಿನೂ ಮಾಡ್ಯಾಳ. ಅವರೂ ನಮ್ಮಂಗ ಬೀದರ್ ಕಡೆಯವರು. ಯಜಮಾನ್ರು ಬೆಳಿಗ್ಗೆ ಅರಿವಿ ಅಂಗಡಿಗೆ ಹೋದ್ರ ಮನಿ ಕಾಣೋದು ಕತ್ತಲಾದ ಮ್ಯಾಲ. ತಾಯಿಗೆ ನಾನು 'ವೈನಿ' ಅಂತೀನಿ. ಆ ವೈನಿಗೆ ಮಗಳ ಸನ್ನೆ ಭಾಷೆ ಛಲೋ ಬರ್ತೈತಿ ಅನ್ನೋದು ನನಗ ವರ್ಷಗಟ್ಟಲೆ ಗೊತ್ತಿರಲಿಲ್ಲ. ಬಾಗಲಾ ಹಾಕ್ಕೊಂಡ ಮ್ಯಾಲ ಮಾತ್ರ ಆಡೋ ಭಾಷೆ ಅದು. ಹೊರಗ ಬಂದ್ರ ಕೈ ಕೆಳಗ.

ನನ್ನ ಕೆಲಸ ಆನ್‌ಲೈನ್ ಕಾರ್ಯಕ್ರಮ ನಡೆಸೋದು. ನಮ್ಮದು ಒಂದು ಸಣ್ಣ ಆಫೀಸು. ಐಟಿ ಕಂಪನಿಗಳು ತಮ್ಮ ಸಭೆ, ತರಬೇತಿ, ನೇಮಕಾತಿ ಮೇಳ ನಡೆಸಾಕ ನಮ್ಮನ್ನ ಕರೀತಾರ. ಆವಾಗ ಊರ ತುಂಬ ಗಾಜಿನ ಕಟ್ಟಡ ಏಳಾಕತ್ತಿದ್ವು, ಮಂದಿ ಸಾಲವಲ್ರು ಅಂತ ಕಂಪನಿಯವರು ಒದ್ದಾಡಾಕತ್ತಿದ್ರು. ಲಾಕ್‌ಡೌನ್ ಕಲಿಸಿದ ಚಟ, ಎಲ್ಲಾ ಕಂಪ್ಯೂಟರ್ ಪರದೆ ಮ್ಯಾಲನೇ. ಅಂಥಾ ಒಂದು ಕಂಪನಿ ಟೆಸ್ಟಿಂಗ್ ಕೆಲಸಕ್ಕ ಹೊಸಬರನ್ನ ತಗೋಳಾಕ ಆನ್‌ಲೈನ್ ಸಭೆ ಇಟ್ಟಿತ್ತು. ಬರೆದ ಸಾಫ್ಟ್‌ವೇರಿನ್ಯಾಗ ತಪ್ಪು ಎಲ್ಲೈತಿ ಅಂತ ಹುಡುಕೋ ಕೆಲಸ. ಎದುರು ಮನಿ ಹುಡುಗಿ ಅಂದ್ರ ಅದಕ್ಕಂತಲೇ ಹುಟ್ಟಿದಾಕಿ. ನಮ್ಮ ಅಪಾರ್ಟ್‌ಮೆಂಟಿನ ನೀರಿನ ಬಿಲ್ಲಿನ್ಯಾಗ ತಪ್ಪು ಹುಡುಕಿ ಸೆಕ್ರೆಟರಿ ಮುಖ ಸಣ್ಣ ಮಾಡಿದಾಕಿ ಆಕಿ. ನಾನೇ ವಾಟ್ಸಾಪಿನ್ಯಾಗ ಲಿಂಕ್ ಕಳಿಸಿ 'ಅರ್ಜಿ ಹಾಕು' ಅಂದೆ.

ಆ ಸಭೆಗೆ ಒಂದು ವಿಚಿತ್ರ ರೀತಿ ಇತ್ತು. ಮಾತಾಡೋ ಅಧಿಕಾರಿ ನಡು ನಡುವ ಎಲ್ಲೋ ಒಂದು ಕೋಡ್ ಬಾಯಿಲೆ ಹೇಳ್ತಾನ. ಅಕ್ಷರ, ಅಂಕಿ ಕೂಡಿಸಿದ್ದು. ಸಭೆ ಮುಗಿದ ಮ್ಯಾಲ ಆ ಕೋಡ್ ಹಾಕಿದವರಿಗೆ ಮಾತ್ರ ಪರೀಕ್ಷೆ ತೆರೀತೈತಿ. ಲಾಗಿನ್ ಆಗಿ ಮಲಗೋರನ್ನ ಸೋಸಾಕ ಮಾಡಿದ ಉಪಾಯ ಅಂತ. ಮಲಗೋರ ಜೋಡಿ ಬ್ಯಾರೆ ಯಾರನ್ನ ಸೋಸಾಕತ್ತೀವಿ ಅಂತ ಅವರ ತಲಿಗೆ ಹೊಳೆದಿರಲಿಲ್ಲ.

ನನಗ ಹೊಳೆದಿತ್ತು. ಅದಕ್ಕ ನೋಂದಣಿ ಫಾರ್ಮಿನ್ಯಾಗ ನಾ ಒಂದು ಪ್ರಶ್ನೆ ಬರೆದಿದ್ದೆ: 'ಈ ಸಭೆಯಲ್ಲಿ ಭಾಗವಹಿಸಲು ನಿಮಗೆ ಏನು ವ್ಯವಸ್ಥೆ ಬೇಕು?' ಕೆಳಗ ಆರಿಸ್ಕೊಳ್ಳಾಕ ಭಾರತೀಯ ಸನ್ನೆ ಭಾಷೆಯ ಇಂಟರ್‌ಪ್ರಿಟರ್, ಲೈವ್ ಕ್ಯಾಪ್ಷನ್, ಬ್ಯಾರೆ ಏನರೆ ಇದ್ರ ಬರೀಲಿಕ್ಕೆ ಜಾಗ. ಇಂಟರ್‌ಪ್ರಿಟರ್ ಅಂದ್ರ ಆಡಿದ ಮಾತನ್ನ ಕೈ ಸನ್ನೆಯೊಳಗ ಹೇಳೋರು, ಲೈವ್ ಕ್ಯಾಪ್ಷನ್ ಅಂದ್ರ ಮಾತಾಡಿದಂಗ ಮಾತಾಡಿದಂಗ ಪರದೆ ಕೆಳಗ ಅಕ್ಷರ ಬರೋದು. ಯಾವ ತಾರೀಖಿನೊಳಗ ಹೇಳಬೇಕು, ಹೇಳಿದ್ದನ್ನ ಯಾರು ನೋಡ್ತಾರ ಅನ್ನೋದನ್ನೂ ಬರೆದಿದ್ದೆ. ಬರೋರಿಗೆ ಏನು ಆಗೈತಿ ಅಂತ ಕೇಳೋದು ನನ್ನ ಕೆಲಸ ಅಲ್ಲ, ಏನು ಬೇಕು ಅಂತ ಕೇಳೋದು ನನ್ನ ಕೆಲಸ.

ಕಂಪನಿಯವರು ಫಾರ್ಮ್ 'ಚೂರು ಚೊಕ್ಕ ಮಾಡಿ' ಏರಿಸಿದ್ರು. ಏರಿದ ಮ್ಯಾಲ ನೋಡ್ತೀನಿ, ನನ್ನ ಪ್ರಶ್ನೆ ಮಾಯ! ಅದರ ಜಾಗದಾಗ ಒಂದೇ ಸಾಲು: 'ನಿಮಗೆ ಅಂಗವೈಕಲ್ಯ ಇದೆಯೇ? ಹೌದು / ಇಲ್ಲ.' ಅದೂ ಎಲ್ಲಿ? ಬಯೋಡೇಟಾ ಏರಿಸೋ ಜಾಗದ ಬುಡಕ್ಕ. ಸಿಟ್ಟು ನೆತ್ತಿಗೇರಿತು. ಫೋನ್ ಮಾಡಿದ್ರ ಕಂಪನಿಯ ಹುಡುಗಿ 'ಮೇಡಂ, ಎರಡೂ ಒಂದೇ ಅಲ್ಲವಾ?' ಅಂದ್ಲು. ಏನ್ ಹೇಳ್ಲಿ ಆಕಿಗೆ. ನೋಂದಣಿ ಅದಾಗಲೇ ಶುರು ಆಗಿತ್ತು, ಬದಲಿ ಮಾಡಂಗಿಲ್ಲ ಅಂದ್ರು.

ನೋಂದಣಿ ಮುಗಿಯೋ ಹೊತ್ತಿಗೆ ಉತ್ತರಗಳ ಹಾಳೆ ತೆಗೆದು ನೋಡಿದ್ರ ಆ ಪ್ರಶ್ನೆಯ ಕೆಳಗ ಮ್ಯಾಲಿಂದ ಕೆಳತನಕ ಇಲ್ಲ, ಇಲ್ಲ, ಇಲ್ಲ. ಅಷ್ಟು ಮಂದಿಯೊಳಗ ಒಬ್ಬರೂ ಹೌದು ಅಂದಿಲ್ಲ. ಎದುರು ಮನಿ ಹುಡುಗಿಯ ಹೆಸರಿನ ಮುಂದನೂ 'ಇಲ್ಲ.'

ನಮ್ಮ ಆಫೀಸಿನ ಸಾಹೇಬ್ರಿಗೆ ಖುಷಿ. 'ಹೋಗಲಿ, ಒಂದು ಕೆಲಸ ಉಳೀತು. ಆ ಇಂಟರ್‌ಪ್ರಿಟರ್‌ಗಳನ್ನ ಬಿಟ್ಟುಬಿಡ್ರಿ,' ಅಂದ್ರು. ನಾ ಇಬ್ಬರು ಇಂಟರ್‌ಪ್ರಿಟರ್‌ಗಳನ್ನ ಮೊದಲೇ ಮಾತಾಡಿ ಹಿಡಿದಿಟ್ಟಿದ್ದೆ. ಈ ಊರಾಗ ಛಲೋ ಸನ್ನೆ ಭಾಷೆ ಇಂಟರ್‌ಪ್ರಿಟರ್ ಸಿಗೋದು ಅಂದ್ರ ಮದುವಿ ಸೀಜನ್ನಿನ್ಯಾಗ ಅಡಿಗಿಯವರು ಸಿಕ್ಕಂಗ. ಒಮ್ಮೆ ಬಿಟ್ಟರ ಹೋದ್ರು, ಇನ್ನೊಬ್ಬರು ಹಿಡೀತಾರ. ಮರುದಿನ ಸಂಜೀಕ ಅವರಿಗೆ ಪಕ್ಕಾ ಹೇಳಬೇಕಿತ್ತು, ಹೌದೋ ಅಲ್ಲೋ ಅಂತ.

ಮನಿಗೆ ಬಂದಾಕಿನೇ ಚಪ್ಪಲಿ ಸುದ್ದಾ ತೆಗೀದೆ ಎದುರು ಬಾಗಲಾ ಬಡಿದೆ. ಅವರ ಮನ್ಯಾಗ ಬೆಲ್ ಒತ್ತಿದ್ರ ಹಾಲ್‌ನ್ಯಾಗ ಒಂದು ದೀಪ ಮಿಣುಕ್ತೈತಿ, ಆದ್ರ ಸಿಟ್ಟಿನ್ಯಾಗ ನನಗ ಬೆಲ್ ನೆನಪೇ ಇಲ್ಲ. ವೈನಿ ತೆಗೆದ್ಲು. ಹುಡುಗಿ ಲ್ಯಾಪ್‌ಟಾಪ್ ಮುಂದ ಇದ್ಲು. ನನಗ ಸನ್ನೆ ಬರಂಗಿಲ್ಲ. ನಮ್ಮಿಬ್ಬರ ಮಾತು ಫೋನಿನ್ಯಾಗ ಟೈಪ್ ಮಾಡಿ ತೋರಿಸೋದರಾಗ ನಡೀತಿತ್ತು.

'ಇಲ್ಲ ಅಂತ ಯಾಕ ಹಾಕಿದಿ?' ಅಂತ ಟೈಪ್ ಮಾಡಿದೆ.

ಆಕಿ ಒಂದು ಕ್ಷಣನೂ ಯೋಚನೆ ಮಾಡಲಿಲ್ಲ. 'ಹೌದು ಅಂತ ಹಾಕಿದ ಕಡೆಯಿಂದ ಉತ್ತರನೇ ಬರಂಗಿಲ್ಲ ಆಂಟಿ. ಹಾಕಿ ಹಾಕಿ ನೋಡೀನಿ.'

'ಇಂಟರ್‌ಪ್ರಿಟರ್ ಇಲ್ಲದೆ ಸಭೆ ಹೆಂಗ ತಿಳೀತೈತಿ?'

'ಯಾವಾಗಿನಂಗ. ತುಟಿ ನೋಡ್ತೀನಿ. ಕಂಪ್ಯೂಟರ್ ತಾನೇ ಹಾಕೋ ಕ್ಯಾಪ್ಷನ್ ನೋಡ್ತೀನಿ. ಅರ್ಧ ತಿಳೀತೈತಿ, ಅರ್ಧ ಊಹೆ.'

'ಕೋಡ್ ಊಹೆ ಮಾಡ್ತೀಯೇನು?'

ಅದನ್ನ ಓದಿದಾಕಿನೇ ಫೋನ್ ಉಲ್ಟಾ ಮಾಡಿ ಟೇಬಲ್ ಮ್ಯಾಲ ಇಟ್ಟುಬಿಟ್ಲು. ಬಂದ ಸಿಟ್ಟು ಎಲ್ಲಿ ಹಾಕಬೇಕೋ ತಿಳೀಲಿಲ್ಲ ನನಗ. ಹುಡುಗಿ ಹೇಳಿದ್ದರಾಗ ಒಂದು ಅಕ್ಷರ ಸುಳ್ಳಿರಲಿಲ್ಲ. ಆ ಪ್ರಶ್ನೆ ಕೇಳಿದ ರೀತಿಗೆ, ಕೇಳಿದ ಜಾಗಕ್ಕ, ತಿಳುವಳಿಕಿ ಇದ್ದ ಯಾರಾದ್ರೂ 'ಇಲ್ಲ' ಅಂತಲೇ ಹಾಕ್ತಾರ. ಮತ್ತ ನಾವು ಆ ಹಾಳೆ ಹಿಡ್ಕೊಂಡು 'ಯಾರಿಗೂ ಬೇಕಾಗಿಲ್ಲ' ಅಂತ ಕುಣಿಯೋದು.

ಮರುದಿನ ಸಾಹೇಬ್ರ ಜೋಡಿ ಜಗಳ ಆತು. ಜಗಳ ಅಂದ್ರ ನಾ ಒದರೋದು, ಅವರು ಪೆನ್ ತಿರುವೋದು.

'ಬ್ಯಾಡ ಅಂದವರಿಗೆ ಒತ್ತಾಯದ ಊಟ ಯಾಕ್ರಿ?' ಅಂದ್ರು.

'ಅವರು ಬ್ಯಾಡ ಅಂದಿಲ್ಲ. ನಾವು ಬೇಕೇನು ಅಂತನೇ ಕೇಳಿಲ್ಲ. ನಿನ್ನ ದೇಹದಾಗ ಏನು ಕೊರತಿ ಐತಿ ಅಂತ ಕೇಳೀವಿ, ಅದೂ ಕೆಲಸಾ ಕೊಡೋರ ಮುಂದ. ನಿಮ್ಮ ಬಿಪಿ ಎಷ್ಟೈತಿ ಅಂತ ಬರೆದು ಈ ಗೋಡಿಗೆ ಹಚ್ಚಲೇನು?'

ಪಾಪ, ಅವರಿಗೆ ಬಿಪಿ ಇದ್ದದ್ದು ಖರೆ. ಪೆನ್ ನಿಂತಿತು. ಕಡೀಕ ಅವರು ಒಂದು ದಿನದ ಅವಕಾಶ ಕೊಟ್ಟರು: ನೋಂದಣಿ ಮಾಡಿಸಿದ ಎಲ್ಲರಿಗೂ ನಮ್ಮ ಆಫೀಸಿನಿಂದ ಬ್ಯಾರೆ ಮೇಲ್ ಹೋಗಲಿ, ಒಬ್ಬರಾದ್ರೂ ಬೇಕು ಅಂದ್ರ ಇಂಟರ್‌ಪ್ರಿಟರ್ ಇರಲಿ, ಇಲ್ಲಂದ್ರ ಬಿಡೋದು. ನಾ ಇಂಟರ್‌ಪ್ರಿಟರ್‌ಗಳ ಹತ್ರ ಒಂದು ದಿನ ಬೇಡ್ಕೊಂಡೆ.

ಮೇಲಿನ್ಯಾಗ ನನ್ನ ಹಳೇ ಪ್ರಶ್ನೆ ಹಾಕಿದೆ. ಕೆಳಗ ದಪ್ಪ ಅಕ್ಷರದಾಗ: ಇದು ಸಭೆ ನಡೆಸುವವರಿಗೆ ಮಾತ್ರ, ನೇಮಕಾತಿ ವಿಭಾಗಕ್ಕೆ ಹೋಗುವುದಿಲ್ಲ, ಸಭೆ ಮುಗಿದ ಮೇಲೆ ಅಳಿಸಲಾಗುವುದು.

ಮಧ್ಯಾಹ್ನ ಊಟದ ಡಬ್ಬಿ ತೆಗೆದು ಕೂತಿದ್ದೆ, ಉತ್ತರ ಬರಾಕ ಶುರು ಆದ್ವು. ಒಬ್ಬಾತ ಬರೆದಿದ್ದ: 'ನನಗೆ ಸನ್ನೆ ಭಾಷೆ ಬರುವುದಿಲ್ಲ, ಕಾಲೇಜಿನಲ್ಲಿದ್ದಾಗ ಕಿವಿ ಹೋಯಿತು. ಕ್ಯಾಪ್ಷನ್ ಕೊಡಿ ಸಾಕು, ಆದರೆ ಮನುಷ್ಯರು ಟೈಪ್ ಮಾಡಿದ್ದು ಕೊಡಿ.' ಇನ್ನೊಬ್ಬಾಕಿ: 'ಇಂಟರ್‌ಪ್ರಿಟರ್ ನಮ್ಮ ಭಾರತೀಯ ಸನ್ನೆಯವರು ಹೌದಲ್ಲವಾ? ಹಿಂದೊಮ್ಮೆ ಅಮೆರಿಕದ ಸನ್ನೆಯವರನ್ನು ಕೂರಿಸಿದ್ದರು, ಏನೂ ತಿಳಿಯಲಿಲ್ಲ.' ಮತ್ತೊಂದು, ಮತ್ತೊಂದು. ತುತ್ತು ಕೈಯಾಗೇ ಉಳೀತು. ಇವರೆಲ್ಲ ನಿನ್ನೆ ಆ ಹಾಳಿಯೊಳಗ 'ಇಲ್ಲ' ಆಗಿದ್ದವರು. ಅರ್ಧ ಊಹೆ ಮಾಡ್ಕೊಂಡು ಕೂಡಾಕ ತಯಾರಾಗಿದ್ದವರು.

ಇಂಟರ್‌ಪ್ರಿಟರ್ ಪಕ್ಕಾ ಆದ್ರು. ಆದ್ರ ಎದುರು ಮನಿ ಹುಡುಗಿಯ ಉತ್ತರ ಬರಲೇ ಇಲ್ಲ.

ಸಂಜೀಕ ಮತ್ತ ಹೋದೆ, ಈ ಸಲ ಬೆಲ್ ಒತ್ತಿ. ವೈನಿ ಚಹಾ ಇಟ್ಲು. ಇಟ್ಟು, ಒಲಿ ಮುಂದ ನಿಂತೇ ಹೇಳಿದ್ಲು, 'ಅಕ್ಕಾರ, ನಾನೇ ಬ್ಯಾಡ ಅಂದೀನ್ರಿ. ನೀವು ಸಿಟ್ಟಾಗಬ್ಯಾಡ್ರಿ.'

'ಯಾಕ ವೈನಿ? ಇದು ಕಂಪನಿಯವರಿಗೆ ಹೋಗಂಗಿಲ್ಲ ಅಂತ ಬರೆದೀನಲ್ಲ.'

'ಇವತ್ತು ಹೋಗಂಗಿಲ್ಲ ಅಂತೀರಿ. ನಾಳಿಗೆ ಯಾರೋ ನೋಡ್ತಾರ. ನೋಡಿದ ಮ್ಯಾಲ ಯಾರು ಬಾಗಲಾ ತೆಗೀತಾರ್ರಿ? ಸಣ್ಣಾಕಿ ಇದ್ದಾಗಿಂದ ನೋಡೀನಿ ನಾ. ಬಸ್ಸಿನ್ಯಾಗ ಈಕಿ ಕೈ ಆಡಿಸಿದ್ರ ಮಂದಿ ತಿರುಗಿ ತಿರುಗಿ ನೋಡ್ತಾರ. ಅಂಗಡ್ಯಾಗ ನಗ್ತಾರ. ಮನಿಗೆ ಬಂದ ಬೀಗರು 'ಪಾಪ' ಅಂತಾರ. ನನಗ ಆ ಪಾಪ ಅನ್ನೋ ಮಾತು ಕೇಳಿದ್ರ ಹೊಟ್ಟ್ಯಾಗ ಬೆಂಕಿ ಬೀಳ್ತೈತಿ. ಅದಕ್ಕ ಮೊದಲು ಒಳಗ ಹೋಗಲಿ, ಕೆಲಸಾ ಮಾಡಿ ತೋರಸಲಿ. ಆಮ್ಯಾಲ ಗೊತ್ತಾದ್ರ ಆಗಲಿ.'

ಆಕಿ ಕಣ್ಣೀರು ಚಹಾದಾಗ ಬೀಳ್ತಾವೇನೋ ಅನಿಸಿತು. ಬೈಯಾಕಂತ ಬಂದಿದ್ದೆ, ಮನಸ್ಸೇ ಬರಲಿಲ್ಲ.

ಅಷ್ಟರೊಳಗ ಹುಡುಗಿ ಅಡಿಗಿಮನಿ ಬಾಗಲಾಗ ಬಂದು ನಿಂತ್ಲು. ನಮ್ಮಿಬ್ಬರ ಮುಖ ನೋಡಿ, ಗಲ್ಲ ಎತ್ತಿ 'ಏನು?' ಅಂತ ತಾಯಿಗೆ ಕೇಳಿದ್ಲು. ವೈನಿ ಸೆರಗಿನಿಂದ ಕಣ್ಣು ಒರೆಸ್ಕೊಂಡು ಕೈ ಝಾಡಿಸಿದ್ಲು. ಏನಿಲ್ಲ, ಆಮ್ಯಾಲ ಹೇಳ್ತೀನಿ ಅಂತ. ಅದೊಂದು ಸನ್ನೆ ನನಗೂ ತಿಳೀತು.

ಹುಡುಗಿ ಮುಖ ಕೆಂಪಾತು. ಫೋನ್ ತೆಗೆದು ಜೋರು ಜೋರು ಟೈಪ್ ಮಾಡಿ ನನ್ನ ಮುಂದ ಹಿಡಿದ್ಲು. 'ಎಲ್ಲರೂ ನನಗ ಆಮ್ಯಾಲ ಹೇಳ್ತೀನಿ ಅಂತಾರ. ಆಮ್ಯಾಲ ಹೇಳಿದ್ರ ಒಂದೇ ಸಾಲು ಹೇಳ್ತಾರ. ಮದುವಿ ಮನ್ಯಾಗ ಎಲ್ಲರೂ ಅರ್ಧ ತಾಸು ನಗ್ತಾರ, ಏನಾತು ಅಂದ್ರ ಅವ್ವ ಹೇಳೋದು, ಏನಿಲ್ಲ, ಮಾಮಾ ಒಂದು ಜೋಕ್ ಹೇಳಿದ. ಯಾವ ಜೋಕ್? ನನಗ ಪೂರಾ ಬೇಕು.'

ಅದನ್ನ ನಾ ಗಟ್ಟ್ಯಾಗಿ ಓದಿ ವೈನಿಗೆ ಹೇಳಿದೆ. ವೈನಿ ತಲಿ ತಗ್ಗಿಸಿದ್ಲು. ಹುಡುಗಿ ಅಲ್ಲೇ ನಿಂತು, ನಮ್ಮಿಬ್ಬರ ಎದುರಿಗೇ, ನಮ್ಮ ಮೇಲ್ ತೆಗೆದು ಇಂಟರ್‌ಪ್ರಿಟರ್ ಮ್ಯಾಲ ಒಂದು ಗುರುತು, ಕ್ಯಾಪ್ಷನ್ ಮ್ಯಾಲ ಒಂದು ಗುರುತು ಹಾಕಿ ಕಳಿಸಿದ್ಲು. ನಾ ಆಕಿಗೆ ಟೈಪ್ ಮಾಡಿ ಸ್ಪಷ್ಟ ಹೇಳಿದೆ, ಇದು ಸಭೆಗಷ್ಟೇ, ಪಾಸಾದ್ರ ಮುಂದಿನ ಸುತ್ತಿಗೆ ಏನು ಬೇಕು ಅನ್ನೋದನ್ನ ನೀನೇ ಕಂಪನಿಯವರಿಗೆ ಹೇಳಬೇಕಾಗ್ತೈತಿ, ನಾ ಹೇಳಂಗಿಲ್ಲ. ಆಕಿ ತಾಯಿಯ ಮುಖ ನೋಡಿದ್ಲು. ವೈನಿ 'ಮುಂದಿಂದು ಮುಂದ ನೋಡೋಣ್ರಿ' ಅಂದ್ಲು.

ಇಂಟರ್‌ಪ್ರಿಟರ್‌ಗಳೊಳಗ ದೊಡ್ಡಾಕಿ ಸಿಕಂದರಾಬಾದಿನಾಕಿ, ಭಾಳ ಕಡಕ್ ಹೆಂಗಸು. ಫೋನಿನ್ಯಾಗ ನನಗ ಪ್ರಶ್ನೆ ಮ್ಯಾಲ ಪ್ರಶ್ನೆ. ಎಷ್ಟು ಹೊತ್ತು, ಮಾತಾಡೋರು ಎಷ್ಟು ಮಂದಿ, ಸ್ಲೈಡ್ ಯಾವಾಗ ಕೊಡ್ತೀರಿ. ಸನ್ನೆ ಮಾಡೋರಿಗೆ ಕೈಗಿಂತ ತಲಿ ಜಲ್ದಿ ದಣೀತೈತಿ, ಅದಕ್ಕ ಇಬ್ಬರು ಬೇಕು. ಒಬ್ಬರು ಇಪ್ಪತ್ತು ನಿಮಿಷದಷ್ಟು ಮಾಡಿದ್ರ ಇನ್ನೊಬ್ಬರು ತಗೋತಾರ. ಸುಮ್ನ ಇದ್ದವರೂ ಸುಮ್ನ ಇರಂಗಿಲ್ಲ, ಮಾಡಾಕತ್ತವರಿಗೆ ಏನರೆ ತಪ್ಪಿದ್ರ ತೋರಸ್ತಾರ. ಕ್ಯಾಪ್ಷನ್ ಬರೆಯಾಕಿ ಬ್ಯಾರೆ ಊರಾಗ ಕೂತು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಟೈಪ್ ಮಾಡಾಕಿ. ಆಕಿಗೂ ಹೆಸರು, ಕಂಪನಿಯ ತಾಂತ್ರಿಕ ಪದ ಎಲ್ಲಾ ಮೊದಲೇ ಬೇಕು. ನಾ ಎಲ್ಲಾ ಕೊಟ್ಟೆ, ಕೋಡ್ ಒಂದು ಬಿಟ್ಟು. ಅದನ್ನ ಕಂಪನಿಯ ಅಧಿಕಾರಿ ಕೊಡಲೇ ಇಲ್ಲ. 'ಲೀಕ್ ಆಗ್ತೈತಿ' ಅಂತ.

ರಿಹರ್ಸಲ್‌ನ್ಯಾಗ ಇನ್ನೊಂದು ತಾಪತ್ರಯ. ಅಧಿಕಾರಿ ಸ್ಲೈಡ್ ಹಾಕಿದಕೂಡ್ಲೆ ಇಂಟರ್‌ಪ್ರಿಟರ್ ಚಿತ್ರ ಮೂಲಿಗೆ ಹೋಗಿ ಅಂಚೆ ಚೀಟಿಯಷ್ಟಾತು. ಅಷ್ಟರಾಗ ಬೆರಳು ಕಾಣಸ್ತಾವೇನು? ಸೆಟ್ಟಿಂಗ್ ಹುಡುಕಿ, ಅವರಿಗೆ ಬ್ಯಾರೆ ಕಿಟಕಿ ಮಾಡಿ, ಸ್ಲೈಡ್ ಬಂದ್ರೂ ಅದು ಬಾಜೂಕ ದೊಡ್ಡದಾಗಿ ಉಳಿಯೋಹಂಗ ಮಾಡೋಷ್ಟೊತ್ತಿಗೆ ನನ್ನ ಜೀವ ಹಣ್ಣಾತು.

ಸಭೆಯ ದಿನ ನಾ ನಮ್ಮ ಮನಿಯಿಂದಲೇ ನಡೆಸ್ತಿದ್ದೆ. ಎರಡು ಗೋಡಿ ಆ ಕಡೆ ಹುಡುಗಿ ತನ್ನ ಲ್ಯಾಪ್‌ಟಾಪ್ ಮುಂದ. ನೋಡೋರ ಮುಖ ಯಾರಿಗೂ ಕಾಣಂಗಿಲ್ಲ, ಪ್ರಶ್ನೆ ಇದ್ರ ಬರೆದು ಕೇಳಬೇಕು, ಅಂಥಾ ಸಭೆ. ಮೊದಲ ಅರ್ಧ ಗಂಟೆ ಬೆಣ್ಣಿಯಂಗ ನಡೀತು. ಕ್ಯಾಪ್ಷನ್ ಮಾತಿನ ಹಿಂದ ಸ್ವಲ್ಪೇ ತಡ ಆಗಿ ಬರ್ತಿತ್ತು. ದೊಡ್ಡಾಕಿಯ ಕೈ ನೋಡ್ಕೊಂತ ನನಗೇ ಮಾತು ಮರೀತಿತ್ತು.

ಆಮ್ಯಾಲ ಆ ಅಧಿಕಾರಿ ಮಹಾರಾಯಗ ಹೊತ್ತು ಸಾಲಂಗಿಲ್ಲ ಅನಿಸಿತೇನೋ, ಓಡಾಕ ಶುರು ಮಾಡಿದ. ಸ್ಲೈಡ್ ಮ್ಯಾಲ ಸ್ಲೈಡ್. ಓಡ್ತಾ ಓಡ್ತಾ, ಉಸಿರು ತಗೋಳದೇ, ಕೋಡ್ ಹೇಳಿ ಮುಂದ ಹೋಗೇಬಿಟ್ಟ! ಇಂಟರ್‌ಪ್ರಿಟರ್‌ಗಳು ಇಬ್ಬರೂ ಅದನ್ನ ಹಿಡೀಲಿಲ್ಲ. ಕ್ಯಾಪ್ಷನ್ ಸಾಲಿನ್ಯಾಗ ಕೋಡ್ ಅರ್ಧ ಬಂದು ನಿಂತಿತ್ತು. ನಮ್ಮ ಒಳಗಿನ ಚಾಟಿನ್ಯಾಗ ದೊಡ್ಡಾಕಿ ಬರೆದ್ಲು: 'ಮತ್ತೊಮ್ಮೆ ಹೇಳಿಸಿ. ಈಗಲೇ.'

ಅಧಿಕಾರಿಗೆ ಬರೆದೆ. ನೋಡಲಿಲ್ಲ. ಮತ್ತ ಬರೆದೆ. ನೋಡವಲ್ಲ. ಅವನ ಮಾತು ಓಡಾಕತ್ತೈತಿ, ಎರಡು ಗೋಡಿ ಆ ಕಡೆ ಒಂದು ಹುಡುಗಿ ಅರ್ಧ ಕೋಡ್ ನೋಡ್ಕೊಂಡು ಕೂತೈತಿ. ನಾವು ಪರದೆ ಹಿಂದಿನವರು, ನಡುವ ಬಾಯಿ ಹಾಕಂಗಿಲ್ಲ ಅನ್ನೋದು ನಮ್ಮ ಧಂದೆಯ ಮೊದಲ ಪಾಠ. ಹಾಳಾಗಿ ಹೋಗಲಿ ಅಂತ ಮೈಕ್ ತೆರೆದೆ.

'ಸಾರ್, ಒಂದು ನಿಮಿಷ ನಿಲ್ರಿ. ಕೋಡ್ ಮತ್ತೊಮ್ಮೆ ಹೇಳ್ರಿ, ನಿಧಾನಕ್ಕ, ಒಂದೊಂದೇ ಅಕ್ಷರ. ಪರದೆ ಮ್ಯಾಲ ಬರೆದೂ ತೋರಸ್ರಿ. ಎಲ್ಲರಿಗೂ ಮುಟ್ಟಿಲ್ಲ.'

ನನ್ನ ಅಡಿಗಿಮನಿಯ ಕುಕ್ಕರ್ ಅದೇ ಹೊತ್ತಿಗೆ ಸೀಟಿ ಹೊಡೀಬೇಕೇನು! ಅದೂ ಸಭೆಗೆಲ್ಲ ಕೇಳಿಸಿತು. ಸಾಹೇಬ್ರ ಫೋನ್ ಬರಾಕ ಹತ್ತಿತು, ಎತ್ತಲಿಲ್ಲ. ಅಧಿಕಾರಿ ಮುಖ ಗಂಟು ಹಾಕ್ಕೊಂಡೇ ಕೋಡ್ ಮತ್ತ ಹೇಳಿದ, ಬರೆದೂ ತೋರಿಸಿದ. ದೊಡ್ಡಾಕಿ ಬೆರಳಿನ್ಯಾಗ ಒಂದೊಂದೇ ಅಕ್ಷರ ಬಿಡಿಸಿ, ನಿಲ್ಲಿಸಿ, ತೋರಿಸಿದ್ಲು.

ಸಭೆ ಮುಗಿದು ನಾ ಇನ್ನೂ ಹೆಡ್‌ಫೋನ್ ತೆಗೆದಿರಲಿಲ್ಲ, ಬಾಗಲಾ ಒಡೆಯೋಹಂಗ ಬಡಿತ. ಹುಡುಗಿ ಲ್ಯಾಪ್‌ಟಾಪ್ ಎತ್ಕೊಂಡೇ ಬಂದಿದ್ಲು. ಪರೀಕ್ಷೆ ತೆರೆದಿತ್ತು. ನನಗ ತೋರಿಸಿ, ಹಂಗೇ ಓಡಿ ಹೋದ್ಲು ಬರೆಯಾಕ.

ಪರೀಕ್ಷೆ ಪಾಸಾದ್ಲು. ಮುಂದಿನ ಸುತ್ತಿಗೆ ಸಂದರ್ಶನ. ನಾ ವೈನಿಗೆ ಹೇಳಿದೆ, ಈಗ ಕಂಪನಿಗೆ ಒಂದು ಮೇಲ್ ಬರೀಲಿ, ಇಂಟರ್‌ಪ್ರಿಟರ್ ಬೇಕು ಅಂತ. ಹುಡುಗಿ ಬರೆದು ಇಟ್ಕೊಂಡಿದ್ಲು ಸುದ್ದಾ. ವೈನಿ ಕಳಿಸಗೊಡಲಿಲ್ಲ. 'ಇಷ್ಟು ದೂರ ಬಂದೈತಿ, ಈಗ ಯಾಕ್ರಿ ಕೆಡಸೋದು? ಅವರು ಮೊದಲು ಕರೀಲಿ.' ತಾಯಿ-ಮಗಳ ನಡುವ ಎರಡು ದಿನ ಮಾತಿಲ್ಲ. ಕೈ ಮಾತೂ ಇಲ್ಲ.

ಆ ಕೆಲಸದ ಸುದ್ದಿ ಇಲ್ಲೇ ಹೇಳಿಬಿಡ್ತೀನಿ, ಇಲ್ಲಂದ್ರ ನಿಮ್ಮ ಜೀವ ಅದರಾಗೇ ಇರ್ತೈತಿ. ಸಿಗಲಿಲ್ಲ. ಸಂದರ್ಶನ ಆತು, ಇಂಟರ್‌ಪ್ರಿಟರ್ ಇಟ್ಟೇ ಮಾಡಿದ್ರು, ಛಲೋ ಆತು ಅಂತ ಹುಡುಗಿನೂ ಅಂದ್ಲು. ಆಮ್ಯಾಲ ಒಂದು ಮೇಲ್ ಬಂತು, ಈ ಸಲ ಆಗಲಿಲ್ಲ ಅಂತ. ಯಾಕ ಆಗಲಿಲ್ಲ ಅಂತ ಬರೀಲಿಲ್ಲ. ಸಭೆ ಆಗಿದ್ರ ಕೋಡ್ ಕೇಳಿದಂಗ ಮೈಕ್ ತೆರೆದು ಯಾಕ ಅಂತ ಕೇಳ್ತಿದ್ದೆ. ಇವತ್ತಿಗೂ ಆ ಕಂಪನಿಯ ಕಟ್ಟಡದ ಮುಂದ ಹಾದು ಹೋಗೋವಾಗ ಮುಖ ತಿರುವ್ತೀನಿ. ಆದ್ರ ಸಂದರ್ಶನಕ್ಕ ಇಂಟರ್‌ಪ್ರಿಟರ್ ಹೆಂಗ ಬಂದ್ರು ಅನ್ನೋದನ್ನ ಹೇಳದೇ ಇದ್ರ ಇದನ್ನೆಲ್ಲ ಬರೆದಿದ್ದು ದಂಡ.

ತಾಯಿ-ಮಗಳು ಮಾತು ಬಿಟ್ಟ ಆ ಎರಡನೇ ದಿನ ಮಧ್ಯಾಹ್ನ ಅವರ ಮನಿಯ ಡಬ್ಬಿ ವಾಪಸ್ ಕೊಡಾಕ ಹೋಗಿದ್ದೆ. ಹೊಸ್ತಿಲ ದಾಟಿದ್ದೆ, ಬಾಗಲಾ ಹಿಂದ ತೆರೆದೇ ಇತ್ತು. ಹುಡುಗಿಯ ಫೋನ್ ಬೆಳಗಿತು, ಆಕಿ ಕೈಯಾಗ ನಡುಗಾಕತ್ತಿತು. ಗೊತ್ತಿಲ್ಲದ ನಂಬರ್. ಕಂಪನಿಯ ನೇಮಕಾತಿಯವರು. ನಮ್ಮ ಹಾಳಿಯಿಂದ ಅವರಿಗೆ ಏನೂ ಹೋಗಿರಲಿಲ್ಲ, ನಾ ಮಾತು ಉಳಿಸ್ಕೊಂಡಿದ್ದೆ. ಅದಕ್ಕೇ, ಕಿವಿ ಕೇಳದ ಹುಡುಗಿಗೆ ಅವರು ಫೋನ್ ಮಾಡಿದ್ರು.

ಹುಡುಗಿ ಫೋನ್ ನನ್ನ ಮುಂದ ಚಾಚಿದ್ಲು. ನನಗ ಇಂಗ್ಲಿಷ್ ಬರ್ತೈತಿ, ಇಂಥಾವರ ಜೋಡಿ ಮಾತಾಡಿ ರೂಢಿ ಐತಿ. ನಾ ಕೈ ಮುಂದ ಮಾಡೋದರೊಳಗ ವೈನಿ ನಡುವ ಬಂದು ಕಸಗೊಂಡ್ಲು. ಎತ್ತಿ ಕಿವಿಗೆ ಇಟ್ಲು. ಆ ಕಡೆಯಾತ ಇಂಗ್ಲಿಷಿನ್ಯಾಗ ಮಗಳ ಹೆಸರು ಹೇಳಿ, ಆಕಿನೇನು ಮಾತಾಡೋದು ಅಂತ ಕೇಳಿದ. ನನಗೂ ಕೇಳಿಸ್ತಿತ್ತು.

ವೈನಿಗೆ ಬರೋದು ನಮ್ಮ ಓಣಿಯ ಹಿಂದಿ. ಬಾಯಿ ತೆರೆದ್ಲು, ಮುಚ್ಚಿದ್ಲು. ಈಗ ಈಕಿ 'ರಾಂಗ್ ನಂಬರ್' ಅಂತಾಳ, ಇಲ್ಲಾ 'ಆಕಿ ಮನ್ಯಾಗ ಇಲ್ಲ' ಅಂತಾಳ ಅಂತ ನಾ ಅಂದ್ಕೊಂಡೆ. ಹುಡುಗಿ ತಾಯಿಯ ತುಟಿಗೇ ಕಣ್ಣು ನೆಟ್ಟು ನಿಂತಿದ್ಲು.

'ನೈ ಸಾಬ್, ಮೈ ಉಸ್ಕಿ ಮಾ,' ಅಂದ್ಲು ವೈನಿ. 'ಮೇರಿ ಬೇಟಿ ಕೋ ಸುನಾಯಿ ನೈ ದೇತಾ.'

ನಾ ಆಕಿ ತಾಯಿ, ನನ್ನ ಮಗಳಿಗೆ ಕಿವಿ ಕೇಳಂಗಿಲ್ಲ. ಈ ಮಾತನ್ನ ಆಕಿ ಹೊರಗಿನವರ ಮುಂದ ಆಡಿದ್ದನ್ನ ನಾ ಅದೇ ಮೊದಲು ಕೇಳಿದ್ದು. ಹೇಳಿ ನಿಲ್ಲಿಸಲಿಲ್ಲ ಆಕಿ. ಒಂದೇ ಸಮ ಹೇಳಾಕ ಹತ್ತಿದ್ಲು. ಹುಟ್ಟಿದಾಗಿಂದ ಕೇಳಂಗಿಲ್ಲ ಸಾಹೇಬ್ರ. ಓದೋದು ಬರೆಯೋದು ಎಲ್ಲಾ ನಿಮ್ಮಕಿಂತ ಛಲೋ ಬರ್ತೈತಿ. ಫೋನ್ ಮಾಡಬ್ಯಾಡ್ರಿ, ಬರೆದು ಕಳಸ್ರಿ. ಮಾತಾಡಬೇಕಂದ್ರ ಅವತ್ತಿನ ಸಭೆಯಾಗ ಕೈಲೆ ಹೇಳಾಕಿ ಇದ್ಲಲ್ಲ, ಅಂಥಾವರನ್ನ ಕರಸ್ರಿ. ನನ್ನ ಮಗಳು ಎಲ್ಲಾದಕ್ಕೂ ಉತ್ತರ ಕೊಡ್ತಾಳ.

ಆಮ್ಯಾಲ ಆತ ಹಿಂದಿಯೊಳಗೇ, ಸರಿ ಅಮ್ಮಾ, ಮೇಲ್ ಕಳಸ್ತೀವಿ ಅಂದು ಇಟ್ಟ.

ವೈನಿ ಫೋನ್ ಹಿಡ್ಕೊಂಡು ಹಂಗೇ ನಿಂತ್ಲು. 'ಕೆಡಿಸಿಬಿಟ್ನೇನ್ರಿ ಅಕ್ಕಾರ?' ಅಂದ್ಲು. ನಾ ಏನರೆ ಹೇಳೋದರೊಳಗ ಹುಡುಗಿ ತಾಯಿಯ ಭುಜ ಹಿಡಿದು ತನ್ನ ಕಡೆ ತಿರುಗಿಸ್ಕೊಂಡು, ಎರಡೂ ಕೈ ಎತ್ತಿ ಸರಸರ ಏನೋ ಹೇಳಿದ್ಲು. ಕಣ್ಣಾಗ ನೀರಿತ್ತು. ಸಿಟ್ಟೋ ಖುಷಿಯೋ ತಿಳೀಲಿಲ್ಲ ನನಗ.

'ಏನಂತಾಳ ವೈನಿ?' ಅಂದೆ.

'ಏನೇನ್ ಹೇಳಿದಿ, ಆತ ಏನಂದ, ಪೂರಾ ಹೇಳು ಅನ್ನಾಕತ್ತಾಳ್ರಿ. ಒಂದೂ ಬಿಡಬ್ಯಾಡ ಅಂತ.'

ಮ್ಯಾಲಿನ ಮನಿಯವರು ಮೆಟ್ಟಲ ಇಳೀತಿದ್ರು. ತೆರೆದ ಬಾಗಲದಾಗ ಹುಡುಗಿಯ ಎತ್ತಿದ ಕೈ ಕಂಡು ಅಲ್ಲೇ ನಿಂತು ನೋಡಾಕ ಹತ್ತಿದ್ರು. ವೈನಿ ಅವರನ್ನ ನೋಡಿದ್ಲು. ಆಕಿ ಕೈ ಮುಂದ ಬಂತು, ನಾ ಲಿಫ್ಟಿನ್ಯಾಗ ಎಷ್ಟೋ ಸಲ ನೋಡಿದ ಅದೇ ಕೈ. ಬಂದು, ಮಗಳ ಕೈಯಾಗ ಫೋನ್ ಇಟ್ಟು, ಮ್ಯಾಲೆದ್ದಿತು. ಎರಡೂ ಕೈಲೆ, ಆತ ಹಲೋ ಅಂದದ್ದರಿಂದ ವೈನಿ ಶುರು ಮಾಡಿದ್ಲು.